ಅಂಬಿಗನಿಗೆ ಗೊತ್ತಿರಬೇಕಲ್ಲ

ಅಥವಾ ಆ ದಿನ ಮಳೆಯೇ ಇರಲಿಲ್ಲವೇನೋ. ಈ ಸಂಗತಿಯನ್ನು ಎಷ್ಟೋ ಸಲ ಹೇಳಿದ್ದೇನೆ. ಒಂದು ಸಲ ಹೇಳುವಾಗ ನಾನು ತೋಯ್ದು ತೊಪ್ಪೆಯಾಗಿರುತ್ತೇನೆ, ಇನ್ನೊಂದು ಸಲ ನನ್ನ ರುಮಾಲು ಒಣಗಿಯೇ ಇರುತ್ತದೆ. ನೆನಪು ಎಂಬುದು ಅಗಸನ ಹಾಗೆ. ಒಗೆದು ಮಡಿಸಿ ತಂದುಕೊಟ್ಟ ಬಟ್ಟೆ ಚೊಕ್ಕವಾಗಿಯೇ ಇರುತ್ತದೆ, ಆದರೆ ಅದು ನಮ್ಮದೇ ಹೌದೋ ಅಲ್ಲವೋ ಹೇಳಲು ಬರುವುದಿಲ್ಲ. ಆದ್ದರಿಂದ ಮಳೆಯನ್ನು ಓದುಗರ ಇಷ್ಟಕ್ಕೆ ಬಿಡುತ್ತೇನೆ. ಮಾಂಜ್ರಾ ಹೊಳೆ ತುಂಬಿತ್ತು, ನನ್ನ ಸೋದರತ್ತೆ ಗುರಮ್ಮನ ಕಾಲು ಮೊಣಕಾಲಿನವರೆಗೆ ಬಾತಿತ್ತು, ಮತ್ತು ಆಕೆ ದಂಡೆಯ ಮೇಲೆ ಕುಳಿತು ದೋಣಿ ಹತ್ತಲೊಲ್ಲೆನೆಂದು ಹಟ ಹಿಡಿದಿದ್ದಳು. ಈ ಮೂರು ಮಾತಿಗೆ ಮಾತ್ರ ನಾನು ಜಾಮೀನು ನಿಲ್ಲಬಲ್ಲೆ.

ಅದು ನಿಜಾಮರ ಆಳ್ವಿಕೆಯ ಕಾಲ. ನಾನು ಬೀದರದ ಒಂದು ಸಾಲೆಯಲ್ಲಿ ಉರ್ದುವಿನಲ್ಲಿ ಇತಿಹಾಸ ಕಲಿಸುವ ಕನ್ನಡದ ಮಾಸ್ತರ. ಅತ್ತೆಯದು ಹೊಳೆಯ ಆಚೆ, ಔರಾದ ತಾಲೂಕಿನ ಠಾಣಾ ಕುಶನೂರ. ಹೊಲದಲ್ಲಿ ಜಾಲಿಮುಳ್ಳು ಮುರಿದು, ಹುಣ್ಣಾಗಿ, ಅದರಿಂದ ಒಂದು ಕೆಂಪು ಗೆರೆ ಹೊರಟು ಮೊಣಕಾಲು ದಾಟಿ ಮೇಲಕ್ಕೆ ಏರತೊಡಗಿತ್ತು. ಸೊಪ್ಪು ಕಟ್ಟುತ್ತಿದ್ದ ಊರ ವೈದ್ಯರು ಆ ಗೆರೆಯನ್ನು ನೋಡಿದ್ದೇ ಕೈ ತೊಳೆದುಕೊಂಡು, "ಇದು ಸೊಪ್ಪಿಗೆ ಬಗ್ಗೂದಲ್ರಿ ಮಾಸ್ತರ್. ಬೀದರದ ದವಾಖಾನಿಗಿ ಒಯ್ಯಿರಿ, ಕೊಯ್ದು ಕೀವು ತೆಗೀಲಿ. ಗೆರಿ ತೊಡಿ ಸಂದಿ ಮುಟ್ಟಿದ ಮ್ಯಾಲ ಒಯ್ದ್ರ ಉಪಯೋಗಿಲ್ಲ" ಎಂದರು. ಹೊಳೆ ದಾಟಿದರೆ ಹಲಬರ್ಗಾದ ಕಡೆಯ ದಂಡೆ. ಅಲ್ಲಿ ನಮ್ಮ ಗಾಡಿಯ ಖಾಸಿಮ್ ಎತ್ತು ಹೂಡಿಕೊಂಡು ನಿಂತಿದ್ದ. ರಾತ್ರಿಯೆಲ್ಲ ಗಾಡಿ ಹೊಡೆದರೆ ಬೆಳಗಿಗೆ ಬೀದರ. ಎಲ್ಲವೂ ಸರಿಯಾಗಿತ್ತು, ನಡುವೆ ಒಂದು ಹೊಳೆ ಇತ್ತು, ಅಷ್ಟೆ. ಮತ್ತು ಅತ್ತೆಯ ತಲೆಯಲ್ಲಿ ಇನ್ನೊಂದು ಹೊಳೆ.

ಆ ಎರಡನೆಯ ಹೊಳೆಯನ್ನು ಅಲ್ಲಿ ಹರಿಸಿದವರು ಯಾರು ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಕೊನೆಯವರೆಗೂ ಒಮ್ಮತ ಬರಲಿಲ್ಲ. ನಾನು ಬಂದ ಮಧ್ಯಾಹ್ನ, ನೋವು ಮರೆಯಲೆಂದು, "ಸತ್ತ ಮ್ಯಾಲ ಏನಾಗ್ತದ ಅಂತ ಬರದಾರೋ ತಮ್ಮಾ ನಿನ್ನ ಬುಕ್ಕಿನಾಗ?" ಎಂದು ಆಕೆಯೇ ಕೇಳಿದಳೆಂದು ನಾನು. ಯಾರೂ ಕೇಳದಿದ್ದರೂ ನಾನೇ ಶುರು ಮಾಡಿದೆನೆಂದು ಆಕೆ. ಕೇಳದೆ ಪಾಠ ಹೇಳುವುದು ಮಾಸ್ತರರ ಕಸುಬಾದ್ದರಿಂದ ಆಕೆಯ ಮಾತಿನಲ್ಲಿ ತೂಕವಿದೆ. ಹೇಗೂ ಆಗಲಿ, ಆ ಮಧ್ಯಾಹ್ನ ನಾನು ಗ್ರೀಕರ ಮುದುಕ ಅಂಬಿಗನ ಕಥೆ ಹೇಳಿದೆ. ಸತ್ತವರ ಬಾಯಲ್ಲಿ ಒಂದು ನಾಣ್ಯವಿಟ್ಟು ಮಣ್ಣು ಮಾಡಿದರೆ ಮಾತ್ರ ಅವನು ಹೊಳೆ ದಾಟಿಸುತ್ತಾನೆ, ಇಲ್ಲದಿದ್ದರೆ ಅವರು ದಂಡೆಯಲ್ಲೇ ಅಲೆಯಬೇಕು. ಅವರಿಗಿಂತ ಹಳಬರಾದ ಬಾಬಿಲೋನಿನ ಕಡೆಯವರಲ್ಲೂ ಒಂದು ಹೊಳೆ, ಒಬ್ಬ ಅಂಬಿಗ. ಜಪಾನಿನವರು ಹೆಣದ ಜೊತೆ ಆರು ಕಾಸು ಇಡುತ್ತಾರೆ, ಹೊಳೆಯ ಖರ್ಚಿಗೆ. ನಮ್ಮ ಪುರಾಣಗಳಲ್ಲಿ ವೈತರಣಿ. ಆಕಳು ದಾನ ಕೊಟ್ಟವರಿಗೆ ದಾರಿ ಸಲೀಸು. ಈಜಿಪ್ತಿನ ಅಂಬಿಗನ ಮುಖ ಹಿಂದಕ್ಕೆ ತಿರುಗಿರುತ್ತದೆ. ಅವನು ಪ್ರಶ್ನೆಗಳನ್ನು ಕೇಳುತ್ತಾನೆ, ಸತ್ತವನು ದೋಣಿಯ ಒಂದೊಂದು ಭಾಗದ ಹೆಸರನ್ನೂ ಸರಿಯಾಗಿ ಹೇಳಿದರೆ ಹತ್ತಿಸಿಕೊಳ್ಳುತ್ತಾನೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಿದ್ದೆ ಹತ್ತಿತೆಂದು ನಾನು ಖುಷಿಪಟ್ಟೆ.

ನಿದ್ದೆ ಹತ್ತಿರಲಿಲ್ಲ ಎಂಬುದು ಗೊತ್ತಾದದ್ದು ಮರುದಿನ ದಂಡೆಯ ಮೇಲೆ. ಅದಕ್ಕೂ ಮುಂಚೆ ಮನೆಯಿಂದ ಹೊಳೆಗೆ ಒಯ್ಯುವುದೇ ಒಂದು ಪಂಚಾಯಿತಿಯಾಯಿತು. ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೊತ್ತರೆ, "ಮಂದಿ ಹೆಣ ಒಯ್ದಂಗ ಒಯ್ಯಬ್ಯಾಡ್ರಿ" ಎಂದಳು. ಸರಿ, ಕುರ್ಚಿಯಲ್ಲಿ ಕೂರಿಸೋಣವೆಂದರೆ, "ನಮ್ಮ ಮಂದಿ ಹೆಣ ಒಯ್ದಂಗನೂ ಬ್ಯಾಡ" ಎಂದಳು. ನಾವು ಲಿಂಗವಂತರು, ಸತ್ತವರನ್ನು ಕೂರಿಸಿ ಒಯ್ಯುವವರು. ಮಲಗಿದರೆ ಒಂದು ಜಾತಿಯ ಹೆಣ, ಕೂತರೆ ಇನ್ನೊಂದು ಜಾತಿಯ ಹೆಣ. ಕೊನೆಗೆ ಮಲಗಿದಂತೆಯೂ ಅಲ್ಲ, ಕೂತಂತೆಯೂ ಅಲ್ಲ, ನಡುವೆ ಎಲ್ಲೋ ದಿಂಬಿಗೆ ಒರಗಿಸಿ ಹೊಳೆಯವರೆಗೆ ತಂದೆವು. ತಂದವರು ಹೊರಸು ಇಳಿಸಿ ಬೀಡಿ ಹಚ್ಚಿದರು.

ಅಂಬಿಗರ ಸಾಯಬಣ್ಣ ದೋಣಿಯಲ್ಲಿ ಸೇರಿದ ನೀರನ್ನು ಬೋಗುಣಿಯಿಂದ ಚೆಲ್ಲುತ್ತಿದ್ದ. ತಲೆಯೆತ್ತಿ ಮೊದಲು ಮೋಡ ನೋಡಿದ, ಆಮೇಲೆ ಅತ್ತೆಯನ್ನು ನೋಡಿದ. ಎರಡೂ ಅವನಿಗೆ ಹಿಡಿಸಲಿಲ್ಲ. "ಮಾಸ್ತರ್, ಲಗೂ ಮಾಡ್ರಿ. ಮ್ಯಾಲ ಎಲ್ಲೋ ಮಳಿ ಜೋರ್ ಆಗ್ಯಾದ, ನೀರಿನ ಬಣ್ಣ ನೋಡ್ರಿ. ಆ ಹುಣಸಿ ಬೇರಿಗಿ ನೀರು ಮುಟ್ಟಿತಂದ್ರ ನಾ ದೋಣಿ ಬಿಡಂಗಿಲ್ಲ. ನೀವಲ್ಲ, ತಹಸೀಲ್ದಾರ್ ಬಂದ್ರೂ ಬಿಡಂಗಿಲ್ಲ."

ಬೇರಿಗೂ ನೀರಿಗೂ ನಡುವೆ ಒಂದು ಮೊಳ ಕೆಸರು ಉಳಿದಿತ್ತು.

"ಅತ್ತಿ, ಏಳ್ರಿ."

"ಒಲ್ಲೆ."

"ಯಾಕ?"

"ಜಡ್ಡಾದಾಕಿ. ಹೊಳಿ. ಅಂಬಿಗ. ಇನ್ನ ಏನ್ ಉಳೀತು ಹೇಳು. ನೀನೇ ಹೇಳಿಯಲ್ಲ ನಿನ್ನಿ."

ಇಲ್ಲಿಂದ ಮುಂದಿನದನ್ನು ನಾನು ವಿದ್ಯಾವಂತನೊಬ್ಬನ ಪರಾಭವ ಎಂದು ಕರೆಯುತ್ತೇನೆ. ಭಯವನ್ನು ಕಾರಣ ಹೇಳಿ ಕೊಲ್ಲಬಹುದು ಎಂದು ನಾನು ಆಗ ನಂಬಿದ್ದೆ. ಇಷ್ಟೊಂದು ಜನ ಸಾವಿನ ನಾಡನ್ನು ಹೊಳೆಯ ಆಚೆ ಏಕೆ ಇಟ್ಟರು ಎಂಬುದನ್ನು ಬಿಡಿಸಿ ಹೇಳಿದರೆ, ಅದು ಬರೀ ಮನುಷ್ಯರ ಏರ್ಪಾಡು ಎಂದು ತಿಳಿದು ಆಕೆ ದೋಣಿ ಹತ್ತುತ್ತಾಳೆ. ಹೀಗೆಂದುಕೊಂಡು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಅತ್ತಿ, ಕೇಳ್ರಿ. ಈಜಿಪ್ತದಾಗ ಒಂದು ದೊಡ್ಡ ಹೊಳಿ ಅದ. ಮೂಡಲ ದಂಡಿ ಮ್ಯಾಲ ಮಂದಿ ಮನಿ. ಗೋರಿ ಬಹಳಷ್ಟು ಪಡುವಲ ದಂಡಿಗಿ, ಹೊತ್ತು ಮುಳಗೋ ಕಡಿ. ಹಂಗಾಗಿ ಹೆಣ ಖರೇನೇ ದೋಣ್ಯಾಗ ಒಯ್ಯತಿದ್ರು. ದಿನಾ ಕಣ್ಣಿಲೆ ಕಂಡದ್ದೇ ಮುಂದ ಕಥಿ ಆತು. ನಮ್ಮಲ್ಲೂ ನೋಡ್ರಿ, ಸುಡುಗಾಡು ಊರ ಹೊರಗ, ಹೊಳಿ ದಂಡಿಗೇ ಇರ್ತದ. ಊರಿನ ಸೀಮಿ ಮುಗಿಯೂದೇ ಹೊಳಿಗಿ. ಬದುಕಿದವರ ಸೀಮಿ ಮುಗದಲ್ಲಿ ಸತ್ತವರದು ಚಾಲೂ. ಅಷ್ಟೇ ಸಂಗತಿ."

ಅತ್ತೆ ಬಾತ ಕಾಲನ್ನು ಎರಡೂ ಕೈಯಿಂದ ಹತ್ತಿರಕ್ಕೆ ಎಳೆದುಕೊಂಡಳು. "ಅಂದ್ರ ಖರೇನೇ ದೋಣ್ಯಾಗ ಒಯ್ಯತಿದ್ರು ಅಂದಂಗಾತು. ನಾ ಬರೇ ಕಥಿ ಅಂತ ತಿಳದಿದ್ದೆ."

ಬೀಡಿ ಸೇದುತ್ತಿದ್ದವರಲ್ಲಿ ಒಬ್ಬ ಕೆಮ್ಮಿದ. ಅದು ಬೀಡಿಯ ಕೆಮ್ಮಲ್ಲ.

ನಾನು ದಾರಿ ಬದಲಿಸಿದೆ. ಹೊಳೆಯೇ ಏಕೆ, ಗೋಡೆ ಏಕಲ್ಲ? ಗೋಡೆಯ ಆಚೆ ಏನೂ ಕಾಣುವುದಿಲ್ಲ. ಹೊಳೆಯ ಆಚೆ ಕಾಣುತ್ತದೆ, ಕೂಗಿದರೆ ಕೇಳಿಸುತ್ತದೆ, ಆದರೆ ಕಾಲು ಹೋಗುವುದಿಲ್ಲ. ಸತ್ತವರೂ ಹಾಗೆಯೇ ಅಲ್ಲವೆ? ಕನಸಿನಲ್ಲಿ ಕಾಣುತ್ತಾರೆ, ದನಿ ಕಿವಿಯಲ್ಲೇ ಇರುತ್ತದೆ, ಹಿಡಿಯಹೋದರೆ ಇಲ್ಲ. ಆ ಅನುಭವಕ್ಕೆ ಸರಿಯಾದ ಜಾಗ ಲೋಕದಲ್ಲಿ ಹೊಳೆಯೊಂದೇ. ಅದಕ್ಕೇ ಒಬ್ಬರನ್ನೊಬ್ಬರು ಕಂಡರಿಯದ ಜನ ಕೂಡ ಅದನ್ನೇ ಆರಿಸಿಕೊಂಡರು. ಇದನ್ನು ನಾನು ಬಹಳ ಚೆನ್ನಾಗಿ ಹೇಳಿದೆನೆಂದು ನೆನಪು. ಅತ್ತೆ ಆಚೆ ದಂಡೆಯನ್ನು ನೋಡಿದಳು. ಖಾಸಿಮ್ ಕಾಣುತ್ತಿದ್ದ, ಎತ್ತಿನ ಗಂಟೆ ಕೇಳಿಸುತ್ತಿತ್ತು. ಆಕೆಯ ಕಣ್ಣು ತುಂಬಿತು.

"ಹಂಗೇ ಕಾಣಸ್ತಾನ ನೋಡು," ಎಂದಳು.

"ಮಾಸ್ತರ್," ಎಂದ ಸಾಯಬಣ್ಣ, "ನೀವು ಸುಮ್ಕ ಇದ್ರ ಭಾಳ ಚೊಲೋ."

ಬೇರಿಗೂ ನೀರಿಗೂ ನಡುವೆ ಈಗ ಒಂದು ಗೇಣು. ಅತ್ತೆಯ ಸೀರೆಯನ್ನು ಚೂರು ಸರಿಸಿ ನೋಡಿದೆ, ಗೆರೆಯೂ ಮೇಲೇರಿತ್ತು. ಕೆಳಗೊಂದು ಏರುವುದು, ಮೇಲೊಂದು ಏರುವುದು, ನಡುವೆ ನಾನು ಪಾಠ ಹೇಳುವುದು. ಆಗ ನಾನು ಬ್ರಹ್ಮಾಸ್ತ್ರವೆಂದು ಕಾದಿಟ್ಟ ಮಾತನ್ನು ತೆಗೆದೆ.

"ಅತ್ತಿ, ಇದೆಲ್ಲಾ ಬ್ಯಾರೆಯವರ ಮಾತು. ನಾವು ಲಿಂಗ ಕಟ್ಟಿದವರು. ನಮಗ ಯಮನೂ ಇಲ್ಲ, ವೈತರಣಿನೂ ಇಲ್ಲ. ಸತ್ರ ಲಿಂಗದಾಗ ಒಂದಾಗೂದು. ನೀವೇ ನನಗ ಕಲಿಸಿದ್ದಲ್ಲ?"

"ಕಲಿಸೀನಿ. ನನಗ ಯಮ ಇಲ್ಲ, ಖರೆ," ಎಂದಳು ಅತ್ತೆ, ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡು. "ಆದ್ರ ಅದು ಆ ಅಂಬಿಗಗ ಗೊತ್ತಿರಬೇಕಲ್ಲ?"



ಸೋತವನು ಹೆಚ್ಚು ಮಾತಾಡುತ್ತಾನೆ. ನಾನು ಅಂಬಿಗನ ವಿಷಯಕ್ಕೇ ಬಂದೆ. ಹೊಳೆಗೆ ಸೇತುವೆ ಹಾಕಿದ ಜನರೂ ಇದ್ದಾರೆ. ಪಾರ್ಸಿಗಳಲ್ಲಿ ಸೇತುವೆ, ನಮ್ಮ ಖಾಸಿಮ್‌ನವರಲ್ಲಿಯೂ ಕೂದಲಿಗಿಂತ ಸಣ್ಣದೊಂದು ಸೇತುವೆ. ಎಲ್ಲ ಕಡೆ ಅಂಬಿಗನೇ ಇರಬೇಕೆಂದಿಲ್ಲ, ಕೆಲವರಿಗೆ ಹೊಳೆಯೂ ಇಲ್ಲ, ಗವಿಯೋ ಗುಡ್ಡವೋ ಸಾಕು. ಆದರೆ ಸೇತುವೆ ಮಾತಾಡುವುದಿಲ್ಲ. ಅದು ಪರೀಕ್ಷೆ ಮಾತ್ರ ಮಾಡುತ್ತದೆ, ಬಿದ್ದವನು ಬಿದ್ದ. ಅಂಬಿಗ ಮಾತಾಡುತ್ತಾನೆ. ನೀನು ಯಾರು, ನಿನ್ನವರು ನಿನಗೆ ಮಾಡಬೇಕಾದ್ದನ್ನು ಮಾಡಿ ಕಳಿಸಿದರೋ ಇಲ್ಲವೋ ಎಂದು ಕೇಳುತ್ತಾನೆ. ಅಂದರೆ ಅವನು ಸತ್ತವರಿಗಿಂತ ಬದುಕಿದವರಿಗೆ ಬೇಕಾದವನು. ಅವನ ಹೆಸರಿನ ಮೇಲೆ ಮಕ್ಕಳು ಮಣ್ಣು ಸರಿಯಾಗಿ ಮಾಡುತ್ತಾರೆ, ನಾಣ್ಯ ಇಡುತ್ತಾರೆ, ಆಕಳು ಕೊಡುತ್ತಾರೆ. ಅದೂ ಅಲ್ಲದೆ ಎಲ್ಲರಿಗೂ ಒಳಗೊಳಗೆ ಇನ್ನೊಂದು ಹೆದರಿಕೆ ಇತ್ತು, ಸತ್ತವರು ತಿರುಗಿ ಬಂದಾರೆಂದು. ಮಣ್ಣಿಗೆ ಹೋದವರು ಸ್ನಾನ ಮಾಡದೆ ಒಳಗೆ ಬರಬಾರದು, ಹೊರಳಿ ನೋಡಬಾರದು ಅನ್ನುವುದು ಏಕೆ? ದೋಣಿ ಅಂಬಿಗನ ಕೈಯಲ್ಲಿರುವುದರಿಂದ, ಅವನು ಒಲ್ಲೆನೆಂದರೆ ಯಾರೂ ಈ ಕಡೆ ಬರುವಂತಿಲ್ಲ. ಅವನು ಈ ದಂಡೆಯವನೂ ಅಲ್ಲ, ಆ ದಂಡೆಯವನೂ ಅಲ್ಲ. ಎರಡೂ ಕಡೆಯವರಿಗೆ ನಂಬಿಕಸ್ಥ, ಯಾರಿಗೂ ನೆಂಟನಲ್ಲ.

"ಅದಕ್ಕೇ," ಎಂದು ಮುಗಿಸಿದೆ, "ಒಯ್ತಾನ, ತಿರುಗಿ ತರೂದಿಲ್ಲ, ಅಂತ ಕಟ್ಟಿದ್ದು. ಬದುಕಿದವರ ಸಮಾಧಾನಕ್ಕ."

ಹೇಳಿ ಮುಗಿದ ಮೇಲೆ, ಏನು ಹೇಳಿದೆ ಎಂಬುದು ನನಗೇ ಕೇಳಿಸಿತು.

"ಹೌದಲ್ಲೋ ತಮ್ಮಾ," ಎಂದಳು ಅತ್ತೆ ತಣ್ಣಗೆ. "ನನ್ನ ಸೊಸಿಗಿ ಸಮಾಧಾನ ಆಗ್ತದ."

ಹೀಗಿದ್ದೂ ಆಕೆ ಎದ್ದಳು. ಯಾಕೆ ಎದ್ದಳೋ, ನೋವು ಹೆಚ್ಚಿರಬೇಕು. ನನ್ನ ಭುಜ ಹಿಡಿದು ಕುಂಟುತ್ತ ದೋಣಿಯ ಅಂಚಿಗೆ ಬಂದು ಒಂದು ಕಾಲು, ಬಾವು ಇಲ್ಲದ ಕಾಲು, ಒಳಗಿಟ್ಟಳು. ಅಷ್ಟರಲ್ಲಿ ಆಚೆ ದಂಡೆಯಿಂದ ಖಾಸಿಮ್, ನಮ್ಮ ಒದ್ದಾಟ ನೋಡಿ ಧೈರ್ಯ ತುಂಬಬೇಕೆಂದು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಡರೋ ನಕ್ಕೋ ಅಮ್ಮಾ! ಗುಜರ್ ಜಾವ್! ಜಲ್ದೀ ಗುಜರ್ ಜಾವ್!"

ಹೆದರಬೇಡ ತಾಯಿ, ದಾಟಿ ಬಾ, ಬೇಗ ದಾಟು ಎಂದು ಅವನ ಅರ್ಥ. ಆದರೆ ಗುಜರ್ ಗಯೇ ಎಂದರೆ ತೀರಿಕೊಂಡರು ಎಂದೂ ಅರ್ಥ. ಕಚೇರಿಯಿಂದ ಸಂತೆಯವರೆಗೆ ಉರ್ದು ಕೇಳುತ್ತ ಬೆಳೆದ ನಮ್ಮ ಕಡೆಯ ಮುದುಕಿಗೂ ಅದು ಗೊತ್ತು. ಅತ್ತೆ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಕೇಳಿದಿ? ಸಾಯಿ, ಲಗೂ ಸಾಯಿ ಅಂತಾನ. ಆ ಕಡಿಯಿಂದ ಕರೀಲಿಕ್ಕೇ ಚಾಲೂ ಮಾಡಿದ್ರು."

"ಅತ್ತಿ, ಅದು ನಾವು ಪಾರಾಗ್ರಿ ಅಂದಂಗ!" ಎಂದು ನಾನು ಬಹುಶಃ ಕಿರುಚಿದೆ. ಪಾರ ಎಂದರೆ ಆಚೆಯ ದಂಡೆ. ಆಚೆ ದಂಡೆ ಮುಟ್ಟಿದವನನ್ನು ಕನ್ನಡದವರು ಪಾರಾದ, ಅಂದರೆ ಬದುಕಿದ ಎನ್ನುತ್ತಾರೆ. ಉರ್ದುವಿನವರು ಗುಜರ್ ಗಯಾ, ಅಂದರೆ ಸತ್ತ ಎನ್ನುತ್ತಾರೆ. ಹೊಳೆ ಅದೇ. ದಾಟುವುದೂ ಅದೇ. ಎಂಥ ಸೊಗಸಾದ ವಿಷಯ ಎಂದು ಒಂದು ಕ್ಷಣ ನನಗೆ ಖುಷಿಯೇ ಆಯಿತು. ನಾನು ಅಂಥ ಮನುಷ್ಯ. ಅತ್ತೆ ಸಾಯುತ್ತಿದ್ದಾಳೆ, ನನಗೆ ಒಂದು ಶಬ್ದ ಸಿಕ್ಕಿದೆ.

ನೀರು ಬೇರಿನ ಮಗ್ಗುಲಿಗೆ ಬಂದಿತ್ತು. ಸಾಯಬಣ್ಣ ಬಿದಿರು ಗಳವನ್ನು ಕೈಗೆತ್ತಿಕೊಂಡು, ದೋಣಿ ಕಟ್ಟಿದ ಹಗ್ಗದ ಕಡೆ ಹೋದ. ಬಿಚ್ಚಲೋ, ಇನ್ನೊಂದು ಸುತ್ತು ಬಿಗಿಯಲೋ ತಿಳಿಯಲಿಲ್ಲ. ಅವನಿಗೂ ಸಿಟ್ಟು ಬಂದಿತ್ತು. ಬಾರದೆ ಏನು? ಅಷ್ಟು ಹೊತ್ತಿನಿಂದ ಅವನ ಕಸುಬನ್ನೇ ಯಮನ ಚಾಕರಿ ಎಂಬಂತೆ ಅವನ ಎದುರಿಗೇ ಆಡುತ್ತಿದ್ದೆವು.

ಆಗ ಅತ್ತೆ ನನ್ನನ್ನು ಬಿಟ್ಟು ಅವನ ಕಡೆ ತಿರುಗಿದಳು.

"ಏ ಸಾಯಬಣ್ಣಾ, ಈ ವರ್ಷ ಸುಗ್ಗಿಗಿ ಜ್ವಾಳಕ್ಕ ನಮ್ಮ ಕಣಕ್ಕ ಬರ್ತಿಯಿಲ್ಲೋ?"

ಹೊಳೆದಂಡೆಯ ಹಳ್ಳಿಗಳಲ್ಲಿ ಅಂಬಿಗನಿಗೆ ದಾಟಿದಾಗೊಮ್ಮೆ ಕಾಸು ಕೊಡುವ ರೂಢಿ ಇರಲಿಲ್ಲ. ವರ್ಷವಿಡೀ ದಾಟಿಸುತ್ತಾನೆ, ರಾಶಿಯಾದಾಗ ಮನೆಮನೆಯ ಕಣಕ್ಕೆ ಬಂದು ಪಾಲಿನ ಜೋಳ ಒಯ್ಯುತ್ತಾನೆ.

"ಬರ್ಲಾರ್ದ ಎಲ್ಲಿಗಿ ಹೋಗ್ಲಿರಿ ಅವ್ವಾರ?"

"ಅಳದು ಕೊಡೋರು ಯಾರು?"

ಸಾಯಬಣ್ಣ ಗಳವನ್ನು ನೆಲಕ್ಕೆ ಊರಿದ. "ನೀವೇ ಕೊಡ್ರಿ. ನೀವಲ್ದ ಯಾರ್ ಕೊಡ್ತಾರ? ನಿಮ್ಮ ಸೊಸಿದು ಕೈ ಭಾಳ ಸಣ್ಣದ್ರಿ. ಹೋದ ವರ್ಷ ನೀವು ಜಾತ್ರಿಗಿ ಹೋದಾಗ ಆಕಿ ಅಳದು, ನಾ ಅರ್ಧ ಚೀಲ ತಗೊಂಡು ಮನಿಗಿ ಹೋಗಿ ಹೆಂಡ್ತಿ ಕಡಿಂದ ಬೈಸ್ಕೊಂಡೀನಿ. ನಿಮ್ಮನ್ನ ಆ ದಂಡಿಗಿ ಬಿಟ್ಟು ಬಂದ್ರ ನನ್ನ ಹೊಟ್ಟಿ ಗತಿ ಏನು? ಒಯ್ದದ್ದು ತಿರುಗಿ ತರ್ಲಾರ್ದ ನನಗ ನಡೆಂಗಿಲ್ಲ."

ಅತ್ತೆ ಅವನನ್ನೇ ನೋಡಿದಳು. ಮುಖದ ಮೇಲೆ ಏನು ಹಾಯಿತೋ. "ಅರ್ಧ ಚೀಲ?" ಎಂದಳು. "ನನಗ ಪೂರ್ತಾ ಕೊಟ್ಟೀನಿ ಅಂದಾಳ."

ಮರುಕ್ಷಣ ದೋಣಿಯಲ್ಲಿದ್ದಳು. ನಾವು ಎತ್ತಿ ಕೂರಿಸಿದೆವೆಂದು ಒಂದು ನೆನಪು, ಆಕೆಯೇ ಹತ್ತಿದಳೆಂದು ಇನ್ನೊಂದು.

ಸತ್ತವರು ಏಕೆ ನಾಣ್ಯ ಒಯ್ಯುತ್ತಾರೆ ಎಂಬುದು ನನಗೆ ಹೊಳೆದದ್ದು ಆಗ, ನಡುಹೊಳೆಯಲ್ಲಿ, ದೋಣಿಯ ಪಕ್ಕೆಗೆ ನೀರು ಬಡಿಯುವಾಗ. ಅವರಿಗೆ ಬರುವ ಸುಗ್ಗಿ ಎಂಬುದಿಲ್ಲ. ಮುಂದೆ ಎಂದಿಗೂ ಕಾಣದವರ ಜೊತೆ ಮಾತ್ರ ಕೈಗೆ ಕೈ ಲೆಕ್ಕ. ಇದನ್ನು ಅತ್ತೆಗೆ ಹೇಳಬೇಕೆಂದು ಬಾಯಿ ತೆರೆದೆ. ಸಾಯಬಣ್ಣ ನನ್ನನ್ನು ಒಂದು ನೋಟ ನೋಡಿದ; ಮುಚ್ಚಿಕೊಂಡೆ. ದಂಡೆಗುಂಟ ಮೇಲಕ್ಕೆ, ಪ್ರವಾಹಕ್ಕೆ ಎದುರಾಗಿ ದೋಣಿಯನ್ನು ಬಹಳ ದೂರ ತಳ್ಳಿಕೊಂಡು ಹೋಗಿ, ಗಳಕ್ಕೆ ನೆಲ ಸಿಗದಲ್ಲಿ ಹುಟ್ಟು ಹಿಡಿದು, ನಮಗೆ ಬೆನ್ನು ಮಾಡದೆ, ಹೋಗಬೇಕಾದ ದಂಡೆಗೆ ಬೆನ್ನು ಮಾಡಿ ಕೂತು ಅವನು ಎಳೆಯುತ್ತಿದ್ದ. ಈಜಿಪ್ತಿನ ಅಂಬಿಗನ ಮುಖ ಏಕೆ ಹಿಂದಕ್ಕಿತ್ತು ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು. ಇಲ್ಲದೆಯೂ ಇರಬಹುದು. ನೀರು ನಮ್ಮನ್ನು ಕೆಳಕ್ಕೆ ತಳ್ಳುತ್ತ ತಳ್ಳುತ್ತ ಸರಿಯಾಗಿ ಖಾಸಿಮ್‌ನ ಎತ್ತುಗಳ ಮುಂದೆ ತಂದು ನಿಲ್ಲಿಸಿತು. ಅತ್ತೆ ಇಳಿದವಳೇ ಖಾಸಿಮ್‌ಗೆ ಹೇಳಿದ ಮೊದಲ ಮಾತು: "ನಿನ್ನ ಬಾಯಿಗಿ ಬೆಂಕಿ ಹತ್ಲಿ."

ಬೀದರದಲ್ಲಿ ಹುಣ್ಣು ಕೊಯ್ದು ಕೀವು ತೆಗೆದರು. ಕಾಲು ಉಳಿಯಿತು, ಅತ್ತೆಯೂ ಉಳಿದಳು. ಸುಗ್ಗಿಗೆ ಊರಿಗೆ ಹೋಗಿ ತಾನೇ ಜೋಳ ಅಳೆದಳಂತೆ. ಸೊಸೆಗೆ ಆದ ಸಮಾಧಾನದ ಬಗ್ಗೆ ನನಗೆ ವರದಿ ಬಂದಿಲ್ಲ. ನಂತರ ಆಕೆ ಈ ಕಥೆಯನ್ನು ಹೇಳುವಾಗ ಹೊಳೆಗೆ ಹೆದರಿದವನು ನಾನು, ಕೈ ಹಿಡಿದು ದಾಟಿಸಿದವಳು ತಾನು. ನಾನು ಆಕ್ಷೇಪ ಎತ್ತಲಿಲ್ಲ. ಅಷ್ಟೇನೂ ತಪ್ಪಲ್ಲ.

ಆಕೆ ಸತ್ತದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ, ಕುಶನೂರಿನಲ್ಲಿ. ನಾನು ಹಲಬರ್ಗಾದ ಕಡೆಯಿಂದ ಹೊಳೆಯ ಮರಳಿನ ಮೇಲೆ ಚಪ್ಪಲಿ ಹಾಕಿಕೊಂಡೇ ನಡೆದುಹೋದೆ. ಒಂದು ಹನಿ ನೀರಿರಲಿಲ್ಲ. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಸಾಯಬಣ್ಣನೂ ಬಂದು ಒಂದು ಹಿಡಿ ಮಣ್ಣು ಹಾಕಿದ. ಆಮೇಲೆ ಬೇವಿನ ನೆರಳಿನಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದ: "ಮಾಸ್ತರ್, ಹೊಳ್ಯಾಗ ನೀರೇ ಇಲ್ಲ. ಅವ್ವಾರು ಹ್ಯಾಂಗ ಹೋಗಿರಬೇಕ್ರಿ?"

"ಗೊತ್ತಿಲ್ಲಪಾ," ಎಂದೆ.

ಅವನು ನಂಬಲಿಲ್ಲ. "ಹೇಳ್ರಿ," ಎಂದ. "ಈಗ ಅಂಜೋರು ಯಾರೂ ಇಲ್ಲ."

ಜನ ಹೊಳೆಯನ್ನೂ ಅಂಬಿಗನನ್ನೂ ಏಕೆ ಕಟ್ಟಿಕೊಂಡರು ಎಂಬುದಕ್ಕೆ ನನ್ನ ಬಳಿ ಇಷ್ಟೊಂದು ಕಾರಣಗಳಿದ್ದವು. ಅವನು ಕೇಳಿದ್ದು ಅದನ್ನಲ್ಲ. ಅತ್ತೆ ಹೇಗೆ ಹೋದಳೆಂಬುದು ನನಗೆ ಆಗ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.